ಥ್ಯಾಂಕ್ಸ್ ಪೋಸ್ಟ್ ಬರೆಯುವ ಮುಂಚೆ ಹೆಸರಿನ ಪಟ್ಟಿ ಬರೆಯಿರಿ

ಕಾಲೇಜಿನ ಕಾರ್ಯಕ್ರಮ ಮುಗಿದ ಮೇಲೆ ಫೇಸ್‌ಬುಕ್ ಪುಟಕ್ಕೆ ಧನ್ಯವಾದ ಬರೆಯುವ ಕೆಲಸ ಯಾವಾಗಲೂ ನನ್ನ ತಲೆಗೇ ಬರುತ್ತದೆ. ಮೊದಲ ವರ್ಷ ವಂದನಾರ್ಪಣೆಯ ಚೀಟಿಯನ್ನೇ ನಕಲು ಮಾಡಿ ಹಾಕಿದ್ದೆ. ‘ಪ್ರತ್ಯಕ್ಷವಾಗಿ ಹಾಗೂ ಪರೋಕ್ಷವಾಗಿ ಸಹಕರಿಸಿದ ಎಲ್ಲರಿಗೂ’ ಅಂತ ಮುಗಿಸಿದ್ದೆ. ಅತಿಥಿಗಳನ್ನು ಬಸ್ ಸ್ಟ್ಯಾಂಡಿನಿಂದ ಕರೆತಂದ ಹುಡುಗಿ ಆ ‘ಪರೋಕ್ಷ’ದೊಳಗೆ ಸೇರಿಹೋಗಿದ್ದಳು. ಮುಂದಿನ ಕಾರ್ಯಕ್ರಮಕ್ಕೆ ಕರೆದರೆ ಬರಲಿಲ್ಲ. ತಪ್ಪು ನನ್ನದೇ.

ಈಗ ಹೇಗೆ ಮಾಡುತ್ತೇನೆ ಅಂತ ವಿಜ್ಞಾನ ದಿನದ ಒಂದು ಪೋಸ್ಟ್ ಇಟ್ಟುಕೊಂಡು ಹೇಳುತ್ತೇನೆ. ಫೆಬ್ರುವರಿ 28ಕ್ಕೆ ಭೂವಿಜ್ಞಾನಿಯೊಬ್ಬರನ್ನು ಕರೆಸಿದ್ದೆವು. ವಿಷಯ: ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್.

ಪಟ್ಟಿ ಅದೇ ಸಂಜೆ ಆಗಬೇಕು, ಕುರ್ಚಿ ಎತ್ತಿಡುವಾಗಲೇ. ಮರುದಿನ ಯಾರಿಗೂ ಸರಿಯಾಗಿ ನೆನಪಿರುವುದಿಲ್ಲ. ಹಾಳೆಯ ಎಡಕ್ಕೆ ಕೆಲಸ, ಬಲಕ್ಕೆ ಹೆಸರು ಬರೆಯಿರಿ. ಹೆಸರಿನಿಂದ ಶುರು ಮಾಡಿದರೆ ಕಣ್ಣಿಗೆ ಬಿದ್ದವರು ಮಾತ್ರ ಸಿಗುತ್ತಾರೆ. ಕೆಲಸದಿಂದ ಶುರು ಮಾಡಿದರೆ ಮೈಕ್ ನೋಡಿಕೊಂಡವನು, ಕರೆಂಟ್ ಹೋದಾಗ ಜನರೇಟರ್ ಹತ್ತಿರ ಓಡಿದವನು, ಟೀ ಲೋಟ ತೊಳೆದವರು ಎಲ್ಲರೂ ಸಿಗುತ್ತಾರೆ. ನಿರೂಪಣೆ, ಪ್ರಾರ್ಥನೆ ಮಾಡಿದವರನ್ನು ಹೇಗೂ ಯಾರೂ ಮರೆಯುವುದಿಲ್ಲ. ಪಟ್ಟಿಯನ್ನು ಸ್ವಯಂಸೇವಕರ ಗ್ರೂಪಿಗೆ ಹಾಕಿ, ‘ಯಾರು ಬಿಟ್ಟುಹೋಗಿದ್ದಾರೆ?’ ಅಂತ ಕೇಳಿ. ‘ಸರಿ ಇದೆಯಾ?’ ಅಂತ ಕೇಳಿದರೆ ಎಲ್ಲರೂ ಹೆಬ್ಬೆರಳು ಒತ್ತಿ ಸುಮ್ನೆ ಆಗುತ್ತಾರೆ.

ಹೆಸರಿನ ಅಕ್ಷರ, ಇನಿಶಿಯಲ್, ‘ಡಾ.’ ಇದೆಯೋ ಇಲ್ಲವೋ ಎಂಬುದನ್ನು ಅವರವರನ್ನೇ ಕೇಳಿ. ಆಹ್ವಾನ ಪತ್ರಿಕೆ ನೋಡಿ ಬರೆಯಬೇಡಿ. ಅಲ್ಲಿ ತಪ್ಪಿದ್ದರೆ ಇಲ್ಲೂ ತಪ್ಪುತ್ತದೆ.

ಇನ್ನು ಅತಿಥಿಗಳ ಬಗ್ಗೆ. ನಮ್ಮ ವಿದ್ಯಾರ್ಥಿ ಬರೆದ ಮೊದಲ ಕರಡಿನಲ್ಲಿ ‘ಅತ್ಯಂತ ಮಾಹಿತಿಪೂರ್ಣವಾದ, ಮನಮುಟ್ಟುವ ಉಪನ್ಯಾಸ’ ಅಂತ ಇತ್ತು. ಇದನ್ನು ಯಾವ ಭಾಷಣಕ್ಕೂ ಅಂಟಿಸಬಹುದು, ಅಲ್ವಾ? ಅವರು ಹೇಳಿದ ಒಂದು ಮಾತು, ಮಾಡಿದ ಒಂದು ಕೆಲಸ ಬರೆದರೆ ಸಾಕು. ಅದನ್ನು ಹೀಗೆ ತಿದ್ದಿದೆವು:

‘ನೀರು ಕುದಿಸಿದರೆ ಫ್ಲೋರೈಡ್ ಹೋಗುತ್ತದೆ ಅಂದುಕೊಂಡಿದ್ದೆವು. ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ ಅಂತ — ಅವರು ತಿಳಿಸಿಕೊಟ್ಟರು. ನಾವು ಮನೆಯಿಂದ ತಂದ ನೀರನ್ನು ನಮ್ಮ ಎದುರೇ ಪರೀಕ್ಷಿಸಿ ತೋರಿಸಿದರು. ಸರ್, ಊಟಕ್ಕೆ ತಡವಾದರೂ ಕೊನೆಯ ಬಾಟಲಿವರೆಗೂ ನಿಂತಿದ್ದಕ್ಕೆ ಧನ್ಯವಾದ. ಬಾಟಲಿಗಳಿಗೆ ಚೀಟಿ ಅಂಟಿಸಿ ಸಾಲಾಗಿ ಇಟ್ಟವರು —, —. ಮೈಕ್ ನೋಡಿಕೊಂಡವರು —. ಅತಿಥಿಗಳನ್ನು ಕರೆತಂದವರು —.’

ಗೀಟು ಇರುವಲ್ಲೆಲ್ಲ ಹೆಸರು. ಪ್ರಾಂಶುಪಾಲರಿಗೆ, ಆಡಳಿತ ಮಂಡಳಿಗೆ ಕೊನೆಯಲ್ಲಿ ಒಂದು ಸಾಲು ಸಾಕು. ಅವರಿಂದಲೇ ಶುರು ಮಾಡಿದರೆ ಮೊಬೈಲಿನಲ್ಲಿ ಮೇಲೆ ಕಾಣುವ ಎರಡು ಮೂರು ಸಾಲು ಅವರಿಗೇ ಖರ್ಚಾಗುತ್ತದೆ. ಉಳಿದದ್ದನ್ನು ಒತ್ತಿ ತೆರೆದು ಓದುವವರು ಕಡಿಮೆ.

ಹಾಕುವ ಮುಂಚೆ ಅತಿಥಿಗಳಿಗೆ ಕರಡು ಕಳಿಸಿ. ಇದು ಮರ್ಯಾದೆಗಷ್ಟೇ ಅಲ್ಲ. ನಮ್ಮ ಕರಡಿನಲ್ಲಿ ‘ಲೀಟರಿಗೆ 1.5 ಗ್ರಾಂ ಫ್ಲೋರೈಡ್ ಮೀರಬಾರದು’ ಅಂತಲೂ ಒಂದು ಸಾಲಿತ್ತು. ಅದು ಮಿಲಿಗ್ರಾಂ ಆಗಬೇಕಿತ್ತು. ಸಾವಿರ ಪಟ್ಟು ತಪ್ಪು, ಅದೂ ಅವರ ಹೆಸರಿನಲ್ಲಿ! ಅವರೇ ಫೋನ್ ಮಾಡಿ ನಕ್ಕರು. ನಾವು ಆ ಸಾಲನ್ನೇ ತೆಗೆದೆವು.

ಫೋಟೊ ವಿಷಯಕ್ಕೆ ಬಂದರೆ, ಶಾಲು ಹೊದಿಸುವ ಚಿತ್ರ ಒಂದಿರಲಿ. ಅದಿಲ್ಲದಿದ್ದರೆ ಬೇಸರ ಮಾಡಿಕೊಳ್ಳುವವರೂ ಇರುತ್ತಾರೆ. ಆದರೆ ಮೊದಲ ಫೋಟೊ ಕೆಲಸ ನಡೆಯುತ್ತಿರುವುದೇ ಆಗಲಿ. ನಾವು ಬಾಟಲಿ ಸಾಲಿನ ಹಿಂದೆ ಹುಡುಗರು ಬಗ್ಗಿ ನೋಡುತ್ತಿರುವುದನ್ನು ಹಾಕಿದೆವು. ಪ್ರತಿ ಫೋಟೊವನ್ನೂ ದೊಡ್ಡದು ಮಾಡಿ ನೋಡಿ. ಭಾಷಣಕಾರರ ಕೊನೆಯ ಸ್ಲೈಡಿನಲ್ಲಿ ಅವರ ಫೋನ್ ನಂಬರ್ ಇರುತ್ತದೆ. ನೋಂದಣಿ ಮೇಜಿನ ಮೇಲಿನ ಹಾಳೆಯಲ್ಲಿ ಹುಡುಗಿಯರ ನಂಬರೂ ಇರುತ್ತದೆ. ಕಂಡರೆ ಆ ಭಾಗ ಕತ್ತರಿಸಿ. ಪೋಸ್ಟಿನಲ್ಲಿ ಹೆಸರು, ಫೋಟೊ ಬರುವುದು ಬೇಡ ಅಂದವರನ್ನು ಬಿಟ್ಟುಬಿಡಿ, ಅವರಿಗೆ ಎದುರಿಗೇ ಥ್ಯಾಂಕ್ಸ್ ಹೇಳಿ.

ಒಂದೆರಡು ದಿನದೊಳಗೆ ಹಾಕಿ. ಮೊದಲು ಕಾಲೇಜಿನ ಪುಟಕ್ಕೆ ಹಾಕಿ, ಆಮೇಲೆ ಅದರ ಲಿಂಕನ್ನು ವಾಟ್ಸಾಪ್ ಗ್ರೂಪುಗಳಿಗೆ ಕಳಿಸಿ. ಪೂರ್ತಿ ಬರಹವನ್ನೇ ಗ್ರೂಪಿಗೆ ಅಂಟಿಸಿದರೆ ತಪ್ಪು ಕಂಡಾಗ ಕಷ್ಟ. ವಾಟ್ಸಾಪಿನಲ್ಲಿ ಕಳಿಸಿದ ಮೆಸೇಜನ್ನು ತಿದ್ದಲು 15 ನಿಮಿಷ ಮಾತ್ರ ಸಿಗುತ್ತದೆ. ಫೇಸ್‌ಬುಕ್ ಪೋಸ್ಟನ್ನು ಆಮೇಲೂ ತಿದ್ದಬಹುದು.

ಇಷ್ಟಾದರೂ ನಮ್ಮಲ್ಲಿ ಒಂದು ಹೆಸರು ಬಿಟ್ಟೇಹೋಗಿತ್ತು. ಮಧ್ಯಾಹ್ನ ಗೊತ್ತಾಯಿತು. ಪೋಸ್ಟಿನಲ್ಲಿ ಹೆಸರು ಸೇರಿಸಿದೆವು. ಕೆಳಗೆ ಕಾಮೆಂಟಿನಲ್ಲಿ, ‘ಪ್ರೊಜೆಕ್ಟರ್ ಜೋಡಿಸಿದ — ಅವರ ಹೆಸರು ಬಿಟ್ಟುಹೋಗಿತ್ತು, ಈಗ ಸೇರಿಸಿದ್ದೇವೆ, ಕ್ಷಮಿಸಿ’ ಅಂತ ಬರೆದೆವು. ಪೋಸ್ಟಿಗಿಂತ ಆ ಕಾಮೆಂಟಿಗೇ ಜಾಸ್ತಿ ಲೈಕ್ ಬಂತು.