ಕೈ ಬೀಸಿದ್ದಕ್ಕೆ ಕ್ರೇನ್ ನಿಂತಿತು

ಉಕ್ಕಿನ ಹಲಗೆಗಳನ್ನು ಕತ್ತರಿಸಿ ಉಜ್ಜುವ ಶೆಡ್ಡಿಗೆ ಕೆಲಸಕ್ಕೆ ಸೇರಿದ ಎರಡನೆಯ ದಿನವೇ ನಾನು ಎಲ್ಲರ ಕೆಂಗಣ್ಣಿಗೆ ಗುರಿಯಾದೆ. ಶೆಡ್ಡಿನ ಆ ಕೊನೆಯಲ್ಲಿ ಪರಿಚಯದವನೊಬ್ಬ ಕಂಡ. ಮುಖಕ್ಕೆ ಧೂಳಿನ ಮಾಸ್ಕ್, ಕಿವಿಗೆ ಇಯರ್ ಮಫ್, ಸುತ್ತ ಗ್ರೈಂಡರುಗಳ ಅಬ್ಬರ. ಕೂಗಿ ಪ್ರಯೋಜನವಿಲ್ಲವೆಂದು ತೋಳು ಚಾಚಿ ಜೋರಾಗಿ ಕೈ ಬೀಸಿದೆ. ಅವನು ನೋಡಲಿಲ್ಲ, ಮೇಲಿದ್ದ ಕ್ರೇನ್ ಚಾಲಕ ನೋಡಿದ. ಕ್ರೇನ್ ಗಕ್ಕನೆ ನಿಂತಿತು. ಕೊಕ್ಕೆಯಲ್ಲಿದ್ದ ಹಲಗೆ ಗಡಿಯಾರದ ಲೋಲಕದಂತೆ ತೂಗಾಡಿತು.

ತಪ್ಪು ಚಾಲಕನದಲ್ಲ. ತೋಳನ್ನು ಪಕ್ಕಕ್ಕೆ ಚಾಚಿ, ಅಂಗೈ ಕೆಳಗೆ ಮಾಡಿ ಹಿಂದಕ್ಕೂ ಮುಂದಕ್ಕೂ ಆಡಿಸಿದರೆ ಕ್ರೇನಿನ ಭಾಷೆಯಲ್ಲಿ ‘ನಿಲ್ಲಿಸು’ ಎಂದರ್ಥ. ಬೇರೆ ಸನ್ನೆಗಳನ್ನು ಅದಕ್ಕೆಂದೇ ನೇಮಕವಾದ ವ್ಯಕ್ತಿಯೇ ಕೊಡಬೇಕು, ಆದರೆ ನಿಲ್ಲಿಸುವ ಸನ್ನೆಯನ್ನು ಯಾರು ಕೊಟ್ಟರೂ ಚಾಲಕ ಪಾಲಿಸಲೇಬೇಕು. ನೆಟ್ಟಗೆ ನಿಲ್ಲಿಸಿದ ತೋರುಬೆರಳನ್ನು ಸುತ್ತಿಸಿದರೆ ಹೊರೆಯನ್ನು ಮೇಲೆತ್ತಬೇಕು. ಉದ್ದ ತೋಳಿನ ಕ್ರೇನಾದರೆ, ಕೈ ಚಾಚಿ ಹೆಬ್ಬೆರಳು ಮೇಲೆ ಮಾಡುವುದು ಆ ತೋಳನ್ನು ಎತ್ತಲು ಹೇಳಿದಂತೆ. ನಾವು ಹೊರಗೆ ಸಲೀಸಾಗಿ ಬಳಸುವ ಸನ್ನೆಗಳಲ್ಲಿ ಹಲವು ಅಲ್ಲಿ ಆಗಲೇ ಬೇರೆ ಕೆಲಸಕ್ಕೆ ಮೀಸಲಾಗಿವೆ. ಅಂದಿನಿಂದ ನನ್ನ ನಮಸ್ಕಾರದಲ್ಲಿ ಚಾಚಿದ ತೋಳಿಗೆ ಜಾಗವಿಲ್ಲ.

ಕೈ ಬಿಟ್ಟ ಮೇಲೆ ಉಳಿದದ್ದು ಕಣ್ಣು ಮತ್ತು ಕತ್ತು. ಮೊದಮೊದಲು ಮಾಸ್ಕಿನೊಳಗೇ ಹಲ್ಲು ಕಿರಿಯುತ್ತಿದ್ದೆ. ಎದುರಿನವರಿಗೆ ಕಾಣುತ್ತಿದ್ದುದು ಎರಡು ಬಿಟ್ಟಕಣ್ಣು ಮಾತ್ರ. ದುರುಗುಟ್ಟಿ ನೋಡುತ್ತಾನೆ ಎಂದು ಒಬ್ಬರು ದೂರಿಯೂ ಇದ್ದರು. ತುಟಿ ಅಗಲಿಸಿದ ಮಾತ್ರಕ್ಕೆ ನಗು ಕಣ್ಣಿಗೆ ಏರುವುದಿಲ್ಲ. ಕೆನ್ನೆ ಮೇಲೇರಿ ಕೆಳರೆಪ್ಪೆಯನ್ನು ತಳ್ಳಬೇಕು, ಕಣ್ಣಿನ ಹೊರತುದಿಯಲ್ಲಿ ಗೆರೆ ಮೂಡಬೇಕು. ಫ್ರೆಂಚ್ ವೈದ್ಯ ಡುಶೆನ್ 1862ರಲ್ಲೇ ಈ ವ್ಯತ್ಯಾಸವನ್ನು ಬರೆದಿಟ್ಟಿದ್ದ. ನಾನು ಕಂಡುಕೊಂಡ ಪರೀಕ್ಷೆ ಸುಲಭ: ಮಾಸ್ಕಿನ ಮೇಲಂಚು ಕೆನ್ನೆಯ ಮೇಲೆ ತುಸು ಜರುಗಿದ್ದು ಚರ್ಮಕ್ಕೆ ತಿಳಿದರೆ ನಗು ಹೊರಗೆ ಕಂಡಿದೆ. ಸೇಫ್ಟಿ ಕನ್ನಡಕದ ಗಾಜಿನಲ್ಲಿ ದೀಪ ಹೊಳೆಯುತ್ತಿದ್ದರೆ ಅದೂ ಕಾಣದು. ಆಗ ಗದ್ದವನ್ನು ಚೂರು ತಗ್ಗಿಸಿದರೆ ಹೊಳಪು ಸರಿಯುತ್ತದೆ.

ಕತ್ತಿನದೇ ದೊಡ್ಡ ಪಾಠ. ಗೆಳೆಯರಿಗೆ ಮಾಡುವಂತೆ ಗದ್ದವನ್ನು ಒಮ್ಮೆ ಮೇಲಕ್ಕೆ ಎಗರಿಸಿ ಹುಬ್ಬು ಹಾರಿಸಿದೆ, ಹಿರಿಯ ಕೆಲಸಗಾರರೊಬ್ಬರಿಗೆ. ಅವರು ಯಂತ್ರ ನಿಲ್ಲಿಸಿ, ಮಫ್ ತೆಗೆದು, ಅಷ್ಟು ದೂರ ನಡೆದು ಬಂದು ಕಿವಿಯ ಹತ್ತಿರ ಬಗ್ಗಿ ಕೇಳಿದರು: “ಏನಪ್ಪಾ, ಏನಾಗಬೇಕಿತ್ತು?” ನಗುವ ತುಟಿ ಮರೆಯಾಗಿದ್ದರಿಂದ ನನ್ನ ‘ಹೇಗಿದ್ದೀರಿ’ ಬರೀ ‘ಏನು?’ ಆಗಿತ್ತು. ಗ್ರೀಸ್, ಟರ್ಕಿಗಳಲ್ಲಾದರೆ ಹುಬ್ಬೇರಿಸಿ ತಲೆಯನ್ನು ಹಿಂದಕ್ಕೆ ಎಗರಿಸುವುದು ‘ಇಲ್ಲ’ ಎನ್ನುವ ಸನ್ನೆ. ಹಾಗಾಗಿ ಈಗ ಯಾರಿಗಾದರೂ ಸರಿ, ತಲೆ ಕೆಳಕ್ಕೇ ಬಾಗುತ್ತದೆ. ಒಂದೇ ಸಲ, ನಿಧಾನವಾಗಿ. ಪಟಪಟನೆ ಎರಡು ಮೂರು ಸಲ ಆಡಿಸಿದರೆ ‘ಸರಿ, ಆಯಿತು’ ಎಂದು ಯಾವುದೋ ಕೆಲಸಕ್ಕೆ ಒಪ್ಪಿದಂತಾಗುತ್ತದೆ. ಹಾಗೆ ಒಪ್ಪಿ ನಾನೊಮ್ಮೆ ಇನ್ನೊಬ್ಬರ ಕಸದ ಗಾಡಿ ತಳ್ಳಿದ್ದೇನೆ.

ಎಲ್ಲಕ್ಕಿಂತ ಕಷ್ಟ, ಯಾವಾಗ ಮಾಡಬೇಕು ಎನ್ನುವುದು. ತಿರುಗುವ ಗ್ರೈಂಡರ್ ಹಿಡಿದವನ ಕಣ್ಣು ಕೆಲಸದ ಮೇಲೆಯೇ ಇರಬೇಕು. ಅವನ ನೋಟವನ್ನು ಸೆಳೆಯುವುದೇ ಅಪಾಯ. ಹಿಂದಿನಿಂದ ಹೋಗಿ ಭುಜ ತಟ್ಟುವುದಂತೂ ಕೂಡದು. ನಾನು ಅವನಿಗೆ ಓರೆಯಾಗಿ ಮುಂದೆ, ಕಿಡಿ ಹಾರುವ ದಾರಿಯನ್ನು ಬಿಟ್ಟು, ನಾಲ್ಕೈದು ಹೆಜ್ಜೆ ದೂರದಲ್ಲಿ ನಿಲ್ಲುತ್ತೇನೆ. ಅಂಚಿನ ನೋಟಕ್ಕೆ ಮುಖ ಸ್ಪಷ್ಟವಾಗದಿದ್ದರೂ ಯಾರೋ ಬಂದದ್ದು ತಿಳಿಯುತ್ತದೆ. ಅವನು ಗುಂಡಿ ಬಿಟ್ಟು, ಚಕ್ರ ಪೂರ್ತಿ ನಿಂತು, ತಾನಾಗಿ ತಲೆ ಎತ್ತಿದಾಗ ಕಣ್ಣು ಕೂಡಿಸುತ್ತೇನೆ. ಅಂಗೈಯನ್ನು ಎದೆಗೆ ಆನಿಸಿ ಒಮ್ಮೆ ತಲೆಬಾಗುತ್ತೇನೆ. ಅವನ ರೆಪ್ಪೆ ಕಿರಿದಾದರೆ ಅಥವಾ ತಲೆ ಬಾಗಿದರೆ ಮುಟ್ಟಿತು. ಹುಬ್ಬು ಏರಿ ಅಲ್ಲೇ ನಿಂತರೆ ಅದು ಪ್ರಶ್ನೆ; ಆಗ ತಲೆಯನ್ನು ಅಡ್ಡಡ್ಡ ಆಡಿಸಿ ‘ಏನೂ ಇಲ್ಲ’ ಎಂದು ಮುಂದೆ ಹೋಗುತ್ತೇನೆ. ಕೈ ತುಂಬ ಸಾಮಾನಿದ್ದರೆ ಬರೀ ತಲೆ ಸಾಕು. ಚಕ್ರ ನಿಲ್ಲದಿದ್ದರೆ ಆ ದಿನದ ನಮಸ್ಕಾರ ಬಾಕಿ, ಅಷ್ಟೆ.

ಅಂದಿನ ಕ್ರೇನ್ ಚಾಲಕ ಈಗಲೂ ಮೇಲೇ ಇದ್ದಾನೆ. ಹೊರೆ ನೆಲಕ್ಕೆ ಕೂತು ಕೊಕ್ಕೆ ಕಳಚಿದ ಮೇಲೆ ಕೆಳಗೆ ಇಣುಕುತ್ತಾನೆ. ನಾನು ಎದೆಯ ಮೇಲೆ ಕೈಯಿಡುತ್ತೇನೆ, ಅವನು ಹೆಲ್ಮೆಟ್ಟಿನ ಅಂಚನ್ನು ಮುಟ್ಟುತ್ತಾನೆ. ಒಮ್ಮೊಮ್ಮೆ ತೋಳು ಚಾಚಿ ಬೀಸಿ ನನ್ನನ್ನು ಅಣಕಿಸುವುದೂ ಉಂಟು.