ಟಾರ್ಚ್ ಬಿಟ್ಟರೆ ಮಾತ್ರ ಕಾಣುವ ಚಿತ್ರ: ಟಿವಿಯ ಬ್ಯಾಕ್‌ಲೈಟ್ ಪಟ್ಟಿ ಹೋದರೆ ರಿಪೇರಿ ಹೇಗೆ?

ಟಿವಿಯಲ್ಲಿ ಧ್ವನಿ ಬರುತ್ತಿದೆ, ರಿಮೋಟ್ ಒತ್ತಿದರೆ ಚಾನೆಲ್ ಬದಲಾಗುತ್ತಿದೆ, ಪರದೆ ಮಾತ್ರ ಕಪ್ಪು. ಆಗ ಮೊದಲು ಕೋಣೆಯ ದೀಪ ಆರಿಸಿ. ರಿಮೋಟಿನಿಂದ ಮೆನು ತೆರೆದಿಟ್ಟು, ಮೊಬೈಲ್ ಟಾರ್ಚನ್ನು ಪರದೆಗೆ ಎರಡು ಇಂಚು ದೂರದಲ್ಲಿ ಓರೆಯಾಗಿ ಹಿಡಿದು ಮೆಲ್ಲಗೆ ಸರಿಸಿ. ಅಕ್ಷರಗಳು ಮಸುಕಾಗಿ ಕಂಡರೆ ಪ್ಯಾನೆಲ್ ಮತ್ತು ಮದರ್‌ಬೋರ್ಡ್ ಕೆಲಸ ಮಾಡುತ್ತಿವೆ ಎಂದರ್ಥ. ಪ್ಯಾನೆಲ್ ಚಿತ್ರ ಮೂಡಿಸುತ್ತದೆಯೇ ಹೊರತು ಬೆಳಕು ಕೊಡುವುದಿಲ್ಲ. ಬೆಳಕು ಬರುವುದು ಅದರ ಹಿಂದೆ ಅಂಟಿಸಿದ ಎಲ್‌ಇಡಿ ಪಟ್ಟಿಗಳಿಂದ. ಟಿವಿಯ ಅತಿ ದುಬಾರಿ ಭಾಗವಾದ ಪ್ಯಾನೆಲ್ ಉಳಿದಿರುವುದರಿಂದ ಈ ರಿಪೇರಿಗೆ ಹಣ ಹಾಕುವುದರಲ್ಲಿ ಅರ್ಥವಿದೆ.

ಆದರೆ ಪಟ್ಟಿಯೇ ಹೋಗಿದೆ ಎಂದು ಇಷ್ಟಕ್ಕೇ ತೀರ್ಮಾನಿಸಬಾರದು. ಪಟ್ಟಿಗೆ ವಿದ್ಯುತ್ ಕೊಡುವ ಡ್ರೈವರ್ ಕೆಟ್ಟರೂ ಇದೇ ಲಕ್ಷಣ. ಆನ್ ಮಾಡಿದ ಕ್ಷಣ ಪರದೆ ಒಮ್ಮೆ ಬೆಳಗಿ ಆರಿದರೆ ಪಟ್ಟಿಯ ಮೇಲೆ ಅನುಮಾನ ಹೆಚ್ಚು.

ಉದಾಹರಣೆಗೆ, 32 ಇಂಚಿನ ಒಂದು ಟಿವಿಯಲ್ಲಿ ಎರಡು ಪಟ್ಟಿ, ಒಂದೊಂದರಲ್ಲಿ 6 ವೋಲ್ಟಿನ ಆರು ಎಲ್‌ಇಡಿ ಇವೆ ಎನ್ನೋಣ. ಹನ್ನೆರಡೂ ಸರಣಿಯಲ್ಲಿರುವುದರಿಂದ ಒಟ್ಟು ಸುಮಾರು 72 ವೋಲ್ಟ್ ಬೇಕು. ಒಂದೇ ಒಂದು ಎಲ್‌ಇಡಿ ಸುಟ್ಟು ತುಂಡಾದರೂ ಹನ್ನೆರಡೂ ಆರುತ್ತವೆ. ಹಿಂಬದಿ ಮುಚ್ಚಳ ತೆಗೆದು, ಬೋರ್ಡಿನ LED+ ಮತ್ತು LED- ನಡುವೆ ಮಲ್ಟಿಮೀಟರನ್ನು ಡಿಸಿ 200 ಅಥವಾ ಅದಕ್ಕೂ ಮೇಲಿನ ರೇಂಜಿನಲ್ಲಿಟ್ಟು ಟಿವಿ ಆನ್ ಮಾಡಬೇಕು. ವೋಲ್ಟೇಜ್ 72ನ್ನೂ ದಾಟಿ ಜಿಗಿದು ಕೂಡಲೇ ಬಿದ್ದರೆ ಡ್ರೈವರ್ ಸರಿ ಇದೆ. ಕರೆಂಟ್ ಹರಿಯದ ಕಾರಣ ಅದು ತನ್ನನ್ನು ತಾನೇ ನಿಲ್ಲಿಸಿಕೊಂಡಿದೆ, ಅಂದರೆ ಪಟ್ಟಿ ತುಂಡಾಗಿದೆ. ವೋಲ್ಟೇಜ್ ಏರುವುದೇ ಇಲ್ಲವಾದರೆ ಡ್ರೈವರನ್ನು ಅಥವಾ ಬ್ಯಾಕ್‌ಲೈಟ್ ಹೊತ್ತಿಸಲು ಮದರ್‌ಬೋರ್ಡಿನಿಂದ ಬರಬೇಕಾದ BL-ON ಸಂಕೇತವನ್ನು ಪರೀಕ್ಷಿಸಬೇಕು. ಆಗ ಪ್ಯಾನೆಲ್ ಬಿಚ್ಚುವ ಕೆಲಸವೇ ಬೇಡ. ಪವರ್ ಬೋರ್ಡಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಇರುತ್ತದೆ, ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು. ಆದ್ದರಿಂದ ಈ ಅಳತೆ ಅನುಭವ ಇದ್ದವರ ಕೈಯಲ್ಲೇ ಆಗಲಿ.

ಪಟ್ಟಿಯ ದೋಷ ಖಚಿತವಾದರೆ ಪ್ಯಾನೆಲ್ ಎತ್ತಬೇಕು. ನಿಜವಾದ ಅಪಾಯ ಇಲ್ಲಿದೆ. ಪ್ಯಾನೆಲಿನ ಅಂಚಿಗೆ ತೆಳುವಾದ ರಿಬ್ಬನ್‌ಗಳು ಅಂಟಿಕೊಂಡಿರುತ್ತವೆ. ಒಂದು ಹರಿದರೂ ಪರದೆಯ ಮೇಲೆ ಗೆರೆ ಬೀಳುತ್ತದೆ, ಅದಕ್ಕೆ ಸಾಮಾನ್ಯ ಅಂಗಡಿಯಲ್ಲಿ ರಿಪೇರಿ ಇಲ್ಲ. ಇಬ್ಬರು ಎರಡೂ ಬದಿಯಿಂದ ಏಕಕಾಲಕ್ಕೆ ಎತ್ತಿ, ಮೆತ್ತನೆಯ ಬಟ್ಟೆಯ ಮೇಲೆ ಇಡಬೇಕು. ಕೆಳಗಿನ ಬಿಳಿ ಹಾಳೆಗಳನ್ನು ಬಂದ ಕ್ರಮದಲ್ಲೇ ಜೋಡಿಸಿಟ್ಟು, ಮೇಲೆ ಕೆಳಗೆ ಯಾವುದೆಂದು ಮೂಲೆಯಲ್ಲಿ ಗುರುತು ಮಾಡಬೇಕು. ಬೆರಳಚ್ಚು, ದೂಳು ಬಿದ್ದರೆ ಮುಂದೆ ಪರದೆಯಲ್ಲಿ ಕಲೆಯಾಗಿ ಕಾಣುತ್ತದೆ.

ಈಗ ಎಲ್‌ಇಡಿ ಟೆಸ್ಟರಿನಿಂದ ಒಂದೊಂದನ್ನೇ ಮುಟ್ಟಿ ನೋಡಿದರೆ ಸುಟ್ಟದ್ದು ಸಿಗುತ್ತದೆ. ಕೆಲವೊಮ್ಮೆ ಅದರ ನಡುವೆ ಕಪ್ಪು ಚುಕ್ಕೆ ಕಣ್ಣಿಗೇ ಬೀಳುತ್ತದೆ. ಮಲ್ಟಿಮೀಟರಿನ ಡಯೋಡ್ ಸ್ಥಾನ ಇದಕ್ಕೆ ಸಾಲದು. ಅದು ಕೊಡುವುದು ಎರಡು ಮೂರು ವೋಲ್ಟ್, 6 ವೋಲ್ಟಿನ ಎಲ್‌ಇಡಿ ಚೆನ್ನಾಗಿದ್ದರೂ ಬೆಳಗದು.

ಸುಟ್ಟ ಒಂದನ್ನೇ ಬದಲಿಸಿದರೆ ಅಗ್ಗ ನಿಜ. ಆದರೆ ಉಳಿದ ಹನ್ನೊಂದೂ ಅಷ್ಟೇ ಬಿಸಿ ಉಂಡು ಸವೆದಿರುತ್ತವೆ, ಹೊಸದರ ಬಣ್ಣವೂ ಹೊಂದದು. ಪೂರ್ತಿ ಸೆಟ್ ಹಾಕಿಸುವುದೇ ಸರಿ. ಪಟ್ಟಿಯ ಮೇಲೆ ಅಚ್ಚಾದ ಸಂಖ್ಯೆ, ಉದ್ದ, ಎಲ್‌ಇಡಿಗಳ ಎಣಿಕೆ, 3 ವೋಲ್ಟೋ 6 ವೋಲ್ಟೋ ಎಂಬುದು ಎಲ್ಲವೂ ಹೊಂದಬೇಕು. ದಾವಣಗೆರೆಯಲ್ಲಿ ಅಂಥದ್ದು ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಿಂದ ತರಿಸಬಹುದು. ಹಾಗಾಗಿ ಹಳೆಯ ಪಟ್ಟಿಯ ಫೋಟೊ ತೆಗೆದಿಟ್ಟುಕೊಳ್ಳಿ. ಜಗಳೂರು, ಹೊಳಲ್ಕೆರೆ ಕಡೆಯಿಂದ ಟಿವಿ ತರುವವರು ಅದನ್ನು ನಿಲ್ಲಿಸಿಯೇ ತನ್ನಿ. ಮಲಗಿಸಿ ತಂದರೆ ದಾರಿಯ ಕುಲುಕಾಟಕ್ಕೆ ಪ್ಯಾನೆಲ್ ಒಡೆಯಬಹುದು.

ಹಾಳೆಗಳನ್ನು ಮುಚ್ಚುವ ಮೊದಲು ಹೊಸ ಪಟ್ಟಿಗಳನ್ನು ಟೆಸ್ಟರಿನಲ್ಲಿ ಕೆಲವು ನಿಮಿಷ ಉರಿಸಿ ನೋಡಬೇಕು. ಪಟ್ಟಿ ಲೋಹದ ತಟ್ಟೆಗೆ ಪೂರ್ತಿ ಅಂಟದೆ ನಡುವೆ ಗಾಳಿ ಉಳಿದರೆ ಬಿಸಿ ಹೊರಹೋಗದೆ ಹೊಸದೂ ಬೇಗ ಸುಡುತ್ತದೆ. ಜೋಡಿಸಿದ ಮೇಲೆ ಪರದೆಯಲ್ಲಿ ಪ್ರಖರ ಬಿಳಿ ವೃತ್ತ ಕಂಡರೆ ಎಲ್‌ಇಡಿ ಮೇಲಿನ ಲೆನ್ಸ್ ಬಿದ್ದಿದೆ, ಮತ್ತೆ ಬಿಚ್ಚಿ ಅಂಟಿಸಲು ಹೇಳಿ. ಎಲ್ಲವೂ ಸರಿಯಾದ ಬಳಿಕ ಸೆಟ್ಟಿಂಗ್‌ನಲ್ಲಿ ಬ್ಯಾಕ್‌ಲೈಟನ್ನು 100ರಿಂದ 60-70ಕ್ಕೆ ಇಳಿಸಿ. ಬ್ರೈಟ್‌ನೆಸ್ ಬೇರೆ, ಅನೇಕ ಟಿವಿಗಳಲ್ಲಿ ಅದು ಚಿತ್ರದ ಕಪ್ಪನ್ನಷ್ಟೇ ಬದಲಿಸುತ್ತದೆ. ಎಲ್‌ಇಡಿಗೆ ಹರಿಯುವ ಕರೆಂಟ್ ಕಡಿಮೆಯಾಗುವುದು ಬ್ಯಾಕ್‌ಲೈಟ್ ಇಳಿಸಿದರೆ ಮಾತ್ರ.