ವಾರದ ಚಾರ್ಟಿನ ಸಾಸರ್ ಬೇಸ್: ಬಲಬದಿಯ ವಾಲ್ಯೂಮ್ ಅಳೆದು ಹೂಡಿದ ನನ್ನ ಅನುಭವ

ಷೇರಿನ ಬೆಲೆ ನಿಧಾನವಾಗಿ ಇಳಿದು, ತಳದಲ್ಲಿ ತಂಗಿ, ಮತ್ತೆ ನಿಧಾನವಾಗಿ ಏರಿ ಚಾರ್ಟಿನಲ್ಲಿ ತಟ್ಟೆಯಂತೆ ಕಾಣುವ ಸಾಸರ್ ಬೇಸ್ ಎಲ್ಲರ ಕಣ್ಣಿಗೂ ಬೀಳುವ ಹೊತ್ತಿಗೆ ಏರಿಕೆಯ ಅರ್ಧ ಮುಗಿದಿರುತ್ತದೆ ಎಂಬುದು ನನ್ನೊಡನೆ ಚಾರ್ಟ್ ನೋಡುವ ಗೆಳೆಯರ ಹಳೆಯ ಆಕ್ಷೇಪ. ವಾರದ ವಾಲ್ಯೂಮ್, ಅಂದರೆ ಕೈಬದಲಾದ ಷೇರುಗಳ ಸಂಖ್ಯೆ, ಐದು ದಿನಗಳ ಏರುಪೇರನ್ನು ಒಂದೇ ಕಂಬದಲ್ಲಿ ಮುಚ್ಚಿಬಿಡುವುದರಿಂದ ಅದರಿಂದ ಏನೂ ತಿಳಿಯದು ಎಂಬುದು ಅವರ ಇನ್ನೊಂದು ಮಾತು. ಮೊದಲನೆಯ ಆಕ್ಷೇಪಕ್ಕೆ ಬೆಲೆ ಬೇಸಿನ ಅಂಚನ್ನು ದಾಟುವ ಬ್ರೇಕ್‌ಔಟ್‌ಗಿಂತ ಮೊದಲೇ ಖರೀದಿಸಲು ಒಂದು ದಾರಿ ಬೇಕಿತ್ತು, ಎರಡನೆಯದಕ್ಕೆ ವಾಲ್ಯೂಮನ್ನು ಅಳೆಯುವ ಕ್ರಮವೇ ಬದಲಾಗಬೇಕಿತ್ತು. ಇವೆರಡೂ ಕೂಡಿಬಂದ ಮೇಲೆ ಕಳೆದ ಕೆಲವು ವರ್ಷಗಳಲ್ಲಿ ನಾನು ಹಿಡಿದ ಬೇಸ್‌ಗಳಲ್ಲಿ ಹತ್ತಕ್ಕೆ ಸುಮಾರು ಆರು ಗೆದ್ದಿವೆ. ಗೆದ್ದವು ಸಾಮಾನ್ಯವಾಗಿ ಶೇ. 40ಕ್ಕಿಂತ ಹೆಚ್ಚು ಕೊಟ್ಟಿವೆ, ಸೋತವು ಶೇ. 8ರಿಂದ 11ರ ಒಳಗೆ ನಿಂತಿವೆ. ಅದೇ ಗೆಳೆಯರಲ್ಲಿ ಇಬ್ಬರು ಈಗ ಇದೇ ಲೆಕ್ಕ ಹಾಕುತ್ತಿದ್ದಾರೆ.

ಚಾರ್ಟನ್ನು ಸಮಾನ ಶೇಕಡಾವಾರು ಬದಲಾವಣೆ ಸಮಾನ ಎತ್ತರವಾಗಿ ಕಾಣುವ ಲಾಗ್ ಸ್ಕೇಲಿನಲ್ಲಿಯೇ ನೋಡಬೇಕು. ಸಾಧಾರಣ ಸ್ಕೇಲಿನಲ್ಲಿ ಕೆಳಮಟ್ಟದ ಬೆಲೆಯ ಏರಿಳಿತಗಳು ಚಿಕ್ಕದಾಗಿ ಕಾಣುವುದರಿಂದ ಆಳವಾಗಿ ಬಿದ್ದ ಯಾವ ಷೇರಿನ ತಳವೂ ಇರುವುದಕ್ಕಿಂತ ಹೆಚ್ಚು ದುಂಡಗೆ, ಹೆಚ್ಚು ಶಾಂತವಾಗಿ ಕಾಣಿಸುತ್ತದೆ.

ಎಡಬದಿ, ತಳ, ಬಲಬದಿ ಎಂಬ ಮೂರು ಭಾಗಗಳನ್ನು ಕಣ್ಣಳತೆಯಲ್ಲಿ ಗುರುತಿಸಿದರೆ ಪ್ರತಿಯೊಬ್ಬರಿಗೂ ತಮಗೆ ಬೇಕಾದ ಉತ್ತರ ಸಿಗುತ್ತದೆ. ಆದ್ದರಿಂದ ನಾನು ಬೆಲೆಯಿಂದಲೇ ಗಡಿ ಹಾಕುತ್ತೇನೆ. ಇಳಿಕೆ ಶುರುವಾದ ಎಡ ಅಂಚಿನಿಂದ ಕನಿಷ್ಠ ಬೆಲೆಯವರೆಗಿನ ಆಳದಲ್ಲಿ ಕೆಳಗಿನ ಕಾಲು ಭಾಗವೇ ತಳ. ವಾರದ ಮುಕ್ತಾಯ ಬೆಲೆ ಆ ಕಾಲು ಭಾಗವನ್ನು ಮೊದಲ ಬಾರಿ ಪ್ರವೇಶಿಸುವವರೆಗೆ ಎಡಬದಿ, ಕೊನೆಯ ಬಾರಿ ಅದರಿಂದ ಹೊರಬಂದ ಮೇಲೆ ಬಲಬದಿ. ಒಟ್ಟು ವಾರಗಳಲ್ಲಿ ಕಾಲು ಭಾಗವಾದರೂ ತಳದಲ್ಲಿ ಕಳೆದಿರದಿದ್ದರೆ ಅದು ವಿ ಆಕಾರದ ತಿರುವು, ನಾನು ಅದನ್ನು ಮುಟ್ಟುವುದಿಲ್ಲ. ಬೆಲೆ ಆಳದ ಅರ್ಧವನ್ನು ದಾಟಿ ಮುಕ್ತಾಯಗೊಳ್ಳುವವರೆಗೆ ಯಾವ ಲೆಕ್ಕವನ್ನೂ ಆರಂಭಿಸುವುದಿಲ್ಲ, ಏಕೆಂದರೆ ಅದಕ್ಕಿಂತ ಮೊದಲು ಕಂಡ ತಳ ನಿಜವಾದ ತಳವೆಂದು ಹೇಳಲು ಆಧಾರವಿರುವುದಿಲ್ಲ.

ವಾಲ್ಯೂಮ್ ವಿಷಯದಲ್ಲಿ ನಾನು ಮಾಡಿದ ಬದಲಾವಣೆ ಇಷ್ಟೇ: ವಾರದ ಒಟ್ಟು ವಾಲ್ಯೂಮನ್ನು ಆ ವಾರ ವಹಿವಾಟು ನಡೆದ ದಿನಗಳಿಂದ ಭಾಗಿಸುತ್ತೇನೆ, ಮತ್ತು ಪ್ರತಿ ಭಾಗಕ್ಕೂ ಸರಾಸರಿಯ ಬದಲು ಮೀಡಿಯನ್, ಅಂದರೆ ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಅಂಕಿಯನ್ನು, ಬಳಸುತ್ತೇನೆ. ರಜೆ ಬಂದು ಮೂರೇ ದಿನ ವಹಿವಾಟು ನಡೆದ ವಾರವನ್ನು ಹಾಗೆಯೇ ಬಿಟ್ಟರೆ ವಾಲ್ಯೂಮ್ ಬತ್ತಿದಂತೆ ಕಾಣುತ್ತದೆ. ಇಬ್ಬರು ದೊಡ್ಡ ಹೂಡಿಕೆದಾರರ ನಡುವೆ ಒಂದೇ ದಿನ ನಡೆದ ಬ್ಲಾಕ್ ಡೀಲ್ ಇಡೀ ಭಾಗದ ಸರಾಸರಿಯನ್ನು ಮೇಲಕ್ಕೆತ್ತಿಬಿಡುತ್ತದೆ, ಮೀಡಿಯನ್ ಅದಕ್ಕೆ ಅಲುಗುವುದಿಲ್ಲ.

ಒಂದು ಷೇರಿನ ಲೆಕ್ಕವನ್ನು ನೆನಪಿನಿಂದ ವಿವರಿಸುತ್ತೇನೆ. ಎಡ ಅಂಚು 240, ಕನಿಷ್ಠ 148, ಅಂದರೆ ಶೇ. 38ರಷ್ಟು ಆಳ. ಕೆಳಗಿನ ಕಾಲು ಭಾಗದ ಗಡಿ 171. ಎಡಬದಿಯಲ್ಲಿ 26 ವಾರ, ತಳದಲ್ಲಿ 22 ವಾರ, ಬಲ ಅಂಚಿನ ಬಳಿ ಬರುವ ಚಿಕ್ಕ ಇಳಿತವಾದ ಹ್ಯಾಂಡಲ್ ಸೇರಿ ಬಲಬದಿಯಲ್ಲಿ 24 ವಾರ ಕಳೆದಿತ್ತು. ದಿನವೊಂದಕ್ಕೆ ಲೆಕ್ಕ ಹಾಕಿದ ವಾಲ್ಯೂಮಿನ ಮೀಡಿಯನ್ ಎಡಬದಿಯಲ್ಲಿ ಹತ್ತಿರ ಹತ್ತಿರ 1.1 ಲಕ್ಷ ಷೇರುಗಳಷ್ಟಿತ್ತು, ತಳದಲ್ಲಿ 40 ಸಾವಿರಕ್ಕೆ ಇಳಿದಿತ್ತು, ಬಲಬದಿಯಲ್ಲಿ 90 ಸಾವಿರಕ್ಕೆ ಏರಿತ್ತು. ತಳದ ವಾಲ್ಯೂಮ್ ಎಡಬದಿಯ ಅರ್ಧಕ್ಕಿಂತ ಕಡಿಮೆಯಿರಬೇಕು, ಬಲಬದಿಯದು ತಳಕ್ಕಿಂತ ಸ್ಪಷ್ಟವಾಗಿ ಹೆಚ್ಚಿರಬೇಕು ಎಂಬುದು ಎಲ್ಲರೂ ನೋಡುವ ಪರೀಕ್ಷೆ, ಈ ಷೇರು ಅದರಲ್ಲಿ ಸುಲಭವಾಗಿ ಗೆದ್ದಿತು.

ಆದರೆ ನನ್ನ ಹಣ ಹೋಗಿದ್ದು ಈ ಪರೀಕ್ಷೆಯಲ್ಲಿ ಗೆದ್ದ ಬೇಸ್‌ಗಳಲ್ಲಿಯೇ. ಆರಂಭದ ದಿನಗಳಲ್ಲಿ ಇಷ್ಟನ್ನೇ ನಂಬಿ ಹಿಡಿದ ಒಂದು ಷೇರು ಆಕಾರದಲ್ಲಿ ಕುಂದಿಲ್ಲದ ಸಾಸರ್ ಆಗಿತ್ತು. ಬ್ರೇಕ್‌ಔಟ್ ವಾರದಲ್ಲಿ ವಾಲ್ಯೂಮ್ ಕೂಡ ಬಂದಿತ್ತು. ಮೂರು ವಾರಗಳಲ್ಲಿ ಅದು ಅಂಚಿನ ಒಳಗೆ ಮರಳಿ, ಅಲ್ಲಿಂದ ಬೇಸಿನ ಅರ್ಧದವರೆಗೆ ಕುಸಿಯಿತು, ನನ್ನ ಒಟ್ಟು ಬಂಡವಾಳದಲ್ಲಿ ಶೇ. ಒಂದೂವರೆಯಷ್ಟು ಹೋಯಿತು. ಹಿಂದಿರುಗಿ ಬಲಬದಿಯನ್ನು ಬಿಡಿಸಿ ನೋಡಿದಾಗ ಕಾರಣ ತಿಳಿಯಿತು: ಏರಿಕೆಯ ವಾರಗಳಲ್ಲಿ ದಿನಕ್ಕೆ 80 ಸಾವಿರ ಷೇರುಗಳ ವಹಿವಾಟಾಗಿದ್ದರೆ ಇಳಿಕೆಯ ವಾರಗಳಲ್ಲಿ 95 ಸಾವಿರ ನಡೆದಿತ್ತು. ಬಲಬದಿಯಲ್ಲಿ ವಾಲ್ಯೂಮ್ ಹೆಚ್ಚಿದ್ದು ನಿಜ, ಆದರೆ ಅದನ್ನು ಹೆಚ್ಚಿಸಿದ್ದು ಮಾರುವವರು. ಎಡಬದಿಯಲ್ಲಿ ಮೇಲಿನ ಬೆಲೆಗೆ ಕೊಂಡು ಸಿಕ್ಕಿಕೊಂಡವರು ಬೆಲೆ ಮೇಲೆ ಬಂದಷ್ಟೂ ಹೊರಹೋಗಲು ನೋಡುತ್ತಾರೆ, ಅವರ ಷೇರುಗಳು ಇನ್ನೂ ಖಾಲಿಯಾಗಿಲ್ಲ ಎಂಬುದನ್ನು ಆ 95 ಸಾವಿರವೇ ಹೇಳುತ್ತಿತ್ತು.

ಅಂದಿನಿಂದ ಬಲಬದಿಯ ವಾರಗಳನ್ನು ಎರಡು ಗುಂಪು ಮಾಡುತ್ತೇನೆ. ಹಿಂದಿನ ವಾರಕ್ಕಿಂತ ಮೇಲೆ ಮುಕ್ತಾಯವಾದವು ಒಂದು ಕಡೆ, ಕೆಳಗೆ ಮುಕ್ತಾಯವಾದವು ಇನ್ನೊಂದು ಕಡೆ. ಮೊದಲ ಗುಂಪಿನ ಮೀಡಿಯನ್ ಎರಡನೆಯದರ ಒಂದೂವರೆ ಪಟ್ಟು ಇಲ್ಲದಿದ್ದರೆ ಆಕಾರ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡುತ್ತೇನೆ. 240ರ ಷೇರಿನಲ್ಲಿ ಬಲಬದಿಯ 24 ವಾರಗಳಲ್ಲಿ 15 ಏರಿಕೆಯವು, 9 ಇಳಿಕೆಯವು. ಏರಿಕೆಯ ವಾರಗಳಲ್ಲಿ ದಿನಕ್ಕೆ 1.2 ಲಕ್ಷ, ಇಳಿಕೆಯ ವಾರಗಳಲ್ಲಿ 60 ಸಾವಿರ, ಅಂದರೆ ಎರಡು ಪಟ್ಟು. ಇದು ಬ್ರೇಕ್‌ಔಟ್‌ಗಿಂತ ಮೊದಲೇ ಕೈಗೆ ಸಿಗುವ ಅಂಕಿ, ಅದರಿಂದಲೇ ಹ್ಯಾಂಡಲ್‌ನಲ್ಲಿ ಕೊಳ್ಳುವ ಧೈರ್ಯ ಬರುತ್ತದೆ.

ಆ ಷೇರು 232ಕ್ಕೆ ಬಂದು ನಿಂತು, ಐದು ವಾರಗಳಲ್ಲಿ 211ರವರೆಗೆ ಇಳಿದು ಹ್ಯಾಂಡಲ್ ಮಾಡಿತು. ಇಳಿತ ಶೇ. 9ರಷ್ಟು, ಬೇಸಿನ ಮೇಲಿನ ಮೂರನೇ ಒಂದು ಭಾಗದೊಳಗೇ ಇತ್ತು. ವಾಲ್ಯೂಮ್ ದಿನಕ್ಕೆ 45 ಸಾವಿರಕ್ಕೆ ಕುಸಿದಿತ್ತು, ಅಂದರೆ ತಳದ ಮಟ್ಟಕ್ಕೆ ಹೆಚ್ಚುಕಡಿಮೆ ಮರಳಿತ್ತು. 30 ವಾರಗಳ ಮೂವಿಂಗ್ ಆವರೇಜ್ 190ರ ಆಸುಪಾಸಿನಲ್ಲಿ ಮೇಲ್ಮುಖವಾಗಿತ್ತು. ನಾನು ಉದ್ದೇಶಿಸಿದ ಷೇರುಗಳಲ್ಲಿ ಅರ್ಧವನ್ನು 214ಕ್ಕೆ ಕೊಂಡೆ. ಹ್ಯಾಂಡಲ್‌ನ ಯಾವ ವಾರ, ಯಾವ ದಿನ ಆರ್ಡರ್ ಹಾಕಬೇಕೆಂಬುದಕ್ಕೆ ನನ್ನದೇ ಒಂದು ಗುರುತಿದೆ, ಅದನ್ನು ಇಲ್ಲಿ ಬಿಡಿಸುವುದಿಲ್ಲ. ಸಾವಿರಾರು ಷೇರುಗಳಿಂದ ಮೊದಲ ಪಟ್ಟಿ ತಯಾರಿಸುವ ಸೋಸುವಿಕೆಯನ್ನೂ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಕೆಲವು ವಾರಗಳ ನಂತರ ಷೇರು 247ಕ್ಕೆ ಮುಕ್ತಾಯವಾಯಿತು, ಆ ವಾರ ದಿನಕ್ಕೆ 2.6 ಲಕ್ಷ ಷೇರುಗಳ ವಹಿವಾಟು ನಡೆದಿತ್ತು. ಉಳಿದ ಅರ್ಧವನ್ನು ಆಗ ಕೊಂಡೆ, ಸರಾಸರಿ 230.5 ಆಯಿತು. ವಾರದ ಮುಕ್ತಾಯ 205ಕ್ಕಿಂತ ಕೆಳಗಾದರೆ ಹೊರಬರುವುದೆಂದು ನಿಗದಿ ಮಾಡಿದ್ದರಿಂದ ಅಪಾಯ ಸರಾಸರಿಯ ಮೇಲೆ ಶೇ. 11ರಷ್ಟಿತ್ತು. ಬಂಡವಾಳದ ಶೇ. 9ರಷ್ಟನ್ನು ಮಾತ್ರ ಹಾಕಿದ್ದೆ, ಆದ್ದರಿಂದ ಸ್ಟಾಪ್‌ಲಾಸ್ ತಾಗಿದ್ದರೂ ಒಟ್ಟು ಹಣದಲ್ಲಿ ಹೋಗುತ್ತಿದ್ದುದು ಶೇ. 1ರ ಸುತ್ತಮುತ್ತ. ಬ್ರೇಕ್‌ಔಟ್ ಆದ ಮೇಲೆ ಬೆಲೆ 236ಕ್ಕೆ ಹಿಂದೆ ಬಂದಾಗ ಒಬ್ಬ ಗೆಳೆಯ ಹೆದರಿ ಮಾರಿದ. ಆ ಇಳಿಕೆಯ ವಾರಗಳಲ್ಲಿ ವಾಲ್ಯೂಮ್ 70 ಸಾವಿರವನ್ನು ದಾಟದಿದ್ದುದರಿಂದ ನಾನು ಕದಲಲಿಲ್ಲ.

ಗುರಿಯನ್ನು ಎರಡು ರೀತಿಯಲ್ಲಿ ಹಾಕಬಹುದು. ಆಳದ 92 ಅಂಕಗಳನ್ನು ಅಂಚಿಗೆ ಸೇರಿಸಿದರೆ 332 ಬರುತ್ತದೆ. ಲಾಗ್ ಸ್ಕೇಲಿನಲ್ಲಿ ಅದೇ ಎತ್ತರವನ್ನು ಮೇಲೆ ಜೋಡಿಸಿದರೆ, ಅಂದರೆ 240ನ್ನು 148ರಿಂದ ಭಾಗಿಸಿ ಬಂದ 1.62ರಿಂದ ಮತ್ತೆ 240ನ್ನು ಗುಣಿಸಿದರೆ, 389 ಬರುತ್ತದೆ. ನಾನು ಮೂರನೇ ಒಂದು ಭಾಗವನ್ನು ಮೊದಲ ಗುರಿಯಲ್ಲಿ ಮಾರಿ, ಉಳಿದುದನ್ನು ವಾರದ ಮುಕ್ತಾಯ 30 ವಾರಗಳ ಆವರೇಜ್‌ನ ಕೆಳಗೆ ಹೋಗುವವರೆಗೆ ಇಟ್ಟುಕೊಳ್ಳುತ್ತೇನೆ. ಈ ಷೇರು 395ರ ಹತ್ತಿರ ಹೋಗಿ ತಿರುಗಿತು, ಉಳಿದದ್ದನ್ನು 350ಕ್ಕೆ ಮಾರಿದೆ. ಹದಿನೈದು ತಿಂಗಳ ಆಸುಪಾಸಿನಲ್ಲಿ ಹಾಕಿದ ಹಣದ ಮೇಲೆ ಅರ್ಧದಷ್ಟು ಲಾಭ, ಒಟ್ಟು ಬಂಡವಾಳದ ಲೆಕ್ಕದಲ್ಲಿ ಶೇ. 4ಕ್ಕಿಂತ ತುಸು ಹೆಚ್ಚು.

ವಾಲ್ಯೂಮ್ ಸುಳ್ಳು ಹೇಳುವ ಒಂದು ಸಂದರ್ಭವನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಬೇಸಿನ ನಡುವೆ ಷೇರು ವಿಭಜನೆಯಾದಾಗ ಕೆಲವು ಡೇಟಾ ಸೇವೆಗಳು ಹಳೆಯ ಬೆಲೆಯನ್ನು ಸರಿಹೊಂದಿಸುತ್ತವೆ, ಹಳೆಯ ವಾಲ್ಯೂಮನ್ನು ಹಾಗೆಯೇ ಬಿಡುತ್ತವೆ. ಒಂದು ಷೇರು ಐದಾಗಿದ್ದರೆ ಯಾರೂ ಹೆಚ್ಚಾಗಿ ಕೊಳ್ಳದಿದ್ದರೂ ಬಲಬದಿಯ ವಾಲ್ಯೂಮ್ ಐದು ಪಟ್ಟಾಗಿ ಕಾಣುತ್ತದೆ. ಇದನ್ನು ಗುರುತಿಸುವುದು ಕಷ್ಟವಲ್ಲ: ಬೆಲೆ ನಯವಾಗಿ ಸಾಗಿರುವಾಗಲೇ ಒಂದು ನಿರ್ದಿಷ್ಟ ವಾರದಿಂದ ವಾಲ್ಯೂಮ್ ಮೆಟ್ಟಿಲು ಹತ್ತಿದಂತೆ ಏರಿ, ಮತ್ತೆ ಕೆಳಗಿಳಿಯದೆ ಅಲ್ಲಿಯೇ ಉಳಿಯುತ್ತದೆ. ಆಗ ಅದಕ್ಕಿಂತ ಹಿಂದಿನ ವಾಲ್ಯೂಮನ್ನೆಲ್ಲ ಐದರಿಂದ ಗುಣಿಸಿ ಮತ್ತೊಮ್ಮೆ ಅಳೆಯಬೇಕು. ಬೋನಸ್ ಷೇರುಗಳಿಗೂ ಇದೇ ಮಾತು. ಸದಾ ವಹಿವಾಟೇ ಇಲ್ಲದ ಷೇರಿನಲ್ಲಿ ತಳ ಬತ್ತುವುದಕ್ಕೆ ಅರ್ಥವಿಲ್ಲ, ಸ್ವಾಧೀನದ ಪ್ರಸ್ತಾವಕ್ಕೆ ಬೆಲೆ ಅಂಟಿಕೊಂಡ ಷೇರಿನಲ್ಲಿ ದುಂಡು ಆಕಾರಕ್ಕೂ ಅರ್ಥವಿಲ್ಲ.

ನಡುವೆ ಲಾಗ್ ಬೆಲೆಗೆ ಪ್ಯಾರಾಬೋಲಾ ಹೊಂದಿಸಿ ಸಾಸರ್‌ಗಳನ್ನು ತಾನಾಗಿಯೇ ಹುಡುಕಿಸುವ ಪ್ರಯೋಗಕ್ಕೆ ಕೆಲವು ತಿಂಗಳು ಕೊಟ್ಟೆ. ವಿ ಆಕಾರದ ತಿರುವುಗಳಿಗೂ ಪ್ಯಾರಾಬೋಲಾ ಚೆನ್ನಾಗಿಯೇ ಹೊಂದಿಕೊಂಡಿತು, ಹಾಗಾಗಿ ತಳದಲ್ಲಿ ಕಳೆದ ವಾರಗಳನ್ನು ಎಣಿಸುವ ಸರಳ ಕ್ರಮಕ್ಕೇ ಮರಳಿದೆ. ತಿಂಗಳ ಚಾರ್ಟಿನಲ್ಲಿ ಆಕಾರ ಸುಂದರವಾಗಿ ಕಂಡರೂ ಇಳಿಕೆಯ ವಾರಗಳು ಏರಿಕೆಯ ತಿಂಗಳೊಳಗೆ ಕರಗಿಹೋಗುವುದರಿಂದ ನನಗೆ ಬೇಕಾದ ಅಂಕಿಯೇ ಅಲ್ಲಿ ಸಿಗುವುದಿಲ್ಲ.

ನಷ್ಟಕ್ಕಿಂತ ಹೆಚ್ಚು ಕಾಡುವುದು ಕಾಯುವಿಕೆ. ಹ್ಯಾಂಡಲ್‌ನಲ್ಲಿ ಕೊಂಡ ಕೆಲವು ಷೇರುಗಳು ಸ್ಟಾಪ್‌ಲಾಸನ್ನೂ ಮುಟ್ಟದೆ, ಅಂಚನ್ನೂ ದಾಟದೆ ಅರ್ಧ ವರ್ಷ ಹಣವನ್ನು ಕಟ್ಟಿಹಾಕುತ್ತವೆ. ಅಂಥವುಗಳಿಗೆ 26 ವಾರಗಳ ಗಡುವು ಇಟ್ಟಿದ್ದೇನೆ, ಅಷ್ಟರಲ್ಲಿ ಬ್ರೇಕ್‌ಔಟ್ ಆಗದಿದ್ದರೆ ಬಂದ ಬೆಲೆಗೆ ಕೊಟ್ಟು ಹೊರಬರುತ್ತೇನೆ. ಅದರಲ್ಲಿ ಒಂದೆರಡು ನಂತರ ಏರಿದ್ದೂ ಉಂಟು, ಆದರೂ ಗಡುವನ್ನು ಸಡಿಲಿಸಿಲ್ಲ, ಏಕೆಂದರೆ ಹೀಗೆ ಬಿಡಿಸಿಕೊಂಡ ಹಣವೇ ಮುಂದಿನ ಹ್ಯಾಂಡಲ್‌ಗೆ ಬೇಕಾಗುತ್ತದೆ.

240ರ ಆ ಷೇರು ಈಗ 395ನ್ನು ಎಡ ಅಂಚಾಗಿ ಹೊಂದಿದ ಎರಡನೆಯ ಸಾಸರ್ ಮಾಡಿಕೊಂಡು ಅರ್ಧವನ್ನು ದಾಟಿದೆ. ಆಕಾರ ಮೊದಲನೆಯದಕ್ಕಿಂತ ದುಂಡಗಿದೆ, ತಳದಲ್ಲಿ ವಾಲ್ಯೂಮ್ ಚೆನ್ನಾಗಿ ಬತ್ತಿತ್ತು, ಗೆಳೆಯರು ಈಗಾಗಲೇ ಕೊಂಡಿದ್ದಾರೆ. ಬಲಬದಿಯಲ್ಲಿ ಏರಿಕೆಯ ವಾರಗಳ ವಾಲ್ಯೂಮ್ ಇಳಿಕೆಯ ವಾರಗಳಿಗಿಂತ ಒಂದಿಷ್ಟೇ ಹೆಚ್ಚಿದ್ದು, ಒಂದೂವರೆ ಪಟ್ಟನ್ನು ಇನ್ನೂ ಮುಟ್ಟದಿರುವುದರಿಂದ ನಾನು ಕೊಂಡಿಲ್ಲ.